ಮೂರು ವರ್ಷದ ಪ್ರಾಜೆಕ್ಟ್, ಎರಡೇ ಮುಂಗಾರು

ಸಂಶೋಧನಾ ಪ್ರಸ್ತಾವನೆ ಕೈಗೆ ಬಂದಾಗ ನಾನು ಮೊದಲು ಕೆಲಸದ ವೇಳಾಪಟ್ಟಿ ತೆರೆಯುತ್ತೇನೆ. ಆಮೇಲೆ ಬಜೆಟ್. ಈ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದ ಮೇಲೆಯೇ ಸಾರಾಂಶಕ್ಕೆ ಬರುತ್ತೇನೆ. ಸಾರಾಂಶವನ್ನು ಚೆನ್ನಾಗಿ ಬರೆಯುವುದು ಎಲ್ಲರಿಗೂ ಬರುತ್ತದೆ. ಯಾವ ತಿಂಗಳು ಯಾರು ಎಲ್ಲಿ ಏನು ಮಾಡುತ್ತಾರೆ, ಅದಕ್ಕೆ ದುಡ್ಡು ಎಷ್ಟು ಬೇಕು ಎಂದು ಬರೆಯಲು ಮಾತ್ರ ಆ ಕೆಲಸವನ್ನು ಕೈಯಾರೆ ಮಾಡಿರಬೇಕು.

ನಾನು ಸಸ್ಯರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಕಲಬುರಗಿಯಲ್ಲೇ ಇದ್ದೇನೆ. ಅನುದಾನ ಕೊಡುವ ಸಂಸ್ಥೆಯೊಂದು ಆಗಾಗ ಪ್ರಸ್ತಾವನೆಗಳನ್ನು ಪರಿಶೀಲನೆಗೆ ಕಳಿಸುತ್ತದೆ. 2024ರಲ್ಲಿ ಬಂದ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅರ್ಜಿದಾರರ ಗುರುತು ಸಿಗಬಾರದೆಂದು ಊರು, ಮೊತ್ತ ಮುಂತಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಹಾಗೇ ಇದೆ.

ವಿಷಯ ತೊಗರಿಯ ನೆಟೆ ರೋಗ. ಕಲಬುರಗಿ, ಬೀದರ, ಯಾದಗಿರಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2022ರ ಹಂಗಾಮಿನಲ್ಲಿ ಹೂ, ಕಾಯಿ ಹಂತಕ್ಕೆ ಬಂದಿದ್ದ ಬೆಳೆ ನಿಂತಲ್ಲೇ ಒಣಗಿದ್ದನ್ನು ಎಲ್ಲರೂ ನೋಡಿದ್ದಾರೆ. ರೋಗ ತರುವುದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಅದು ಮಣ್ಣಲ್ಲಿ, ಹಳೆ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅರ್ಜಿದಾರರು ಬೀದರ ಕಡೆಯ ಒಬ್ಬ ಯುವ ಸಹಾಯಕ ಪ್ರಾಧ್ಯಾಪಕಿ. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೀಜಕ್ಕೂ ಮಣ್ಣಿಗೂ ಕೊಟ್ಟು ನೆಟೆಯನ್ನು ತಡೆಯುವುದು ಅವರ ಯೋಜನೆ. ಅವಧಿ 3 ವರ್ಷ, ಮೂರೂ ಜಿಲ್ಲೆಗಳಲ್ಲಿ 24 ರೈತರ ಹೊಲ, ಹೊಲಕ್ಕೆ 6 ಬಗೆಯ ಉಪಚಾರ. ಒಟ್ಟು ಕೇಳಿದ್ದು ಸುಮಾರು 48 ಲಕ್ಷ ರೂಪಾಯಿ.

ಓದುವ ಮೊದಲು ನನಗೂ ಅವರಿಗೂ ಜಂಟಿ ಪ್ರಬಂಧ, ಜಂಟಿ ಯೋಜನೆ, ಗುರು-ಶಿಷ್ಯ ಸಂಬಂಧ ಯಾವುದೂ ಇಲ್ಲ ಎಂದು ಬರೆದು ಸಹಿ ಮಾಡಿದೆ. ನಮ್ಮ ಭಾಗದ ಕೃಷಿ ವಿಜ್ಞಾನಿಗಳ ವಲಯ ಸಣ್ಣದು. ಯಾರೋ ಒಬ್ಬರ ಮೂಲಕ ಎಲ್ಲರೂ ಪರಿಚಯವೇ. ಹಾಗಾಗಿ ಈ ಸಹಿಯನ್ನು ನಾನು ಸುಮ್ನೆ ಹಾಕುವುದಿಲ್ಲ, ನೆನಪು ಮಾಡಿಕೊಂಡು ಹಾಕುತ್ತೇನೆ.

ವೇಳಾಪಟ್ಟಿಯಲ್ಲಿ ಮೊದಲ ಕೆಲಸ "2025 ಜೂನ್: ಬಿತ್ತನೆ" ಎಂದಿತ್ತು. ಯೋಜನೆಯ ಆರಂಭ 2025 ಏಪ್ರಿಲ್. ಕಾಗದದ ಮೇಲೆ ಎರಡು ತಿಂಗಳ ಬಿಡುವು ಕಾಣುತ್ತದೆ. ಆದರೆ ಮಂಜೂರಾತಿ ಪತ್ರ ಬಂದ ಮೇಲೆ ಮೊದಲ ಕಂತು ಖಾತೆಗೆ ಬರಬೇಕು. ಅದು ಬಂದ ಮೇಲೆ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧನಾ ಸಹಾಯಕರ ಹುದ್ದೆಗೆ ಜಾಹೀರಾತು, ಸಂದರ್ಶನ, ಆಯ್ಕೆ. ಆಯ್ಕೆಯಾದವರು ಬಂದು ಸೇರುವುದಕ್ಕೇ ಎರಡು-ಮೂರು ತಿಂಗಳು ಹೋಗುತ್ತದೆ. ತೊಗರಿ ಬಿತ್ತುವುದು ಜೂನ್-ಜುಲೈನಲ್ಲಿ, ಮಳೆ ಬಿದ್ದ ತಕ್ಷಣ. ಆಗಸ್ಟ್‌ನಲ್ಲಿ ಜೆ.ಆರ್.ಎಫ್. ಸೇರಿದರೆ ಬಿತ್ತನೆ ಮುಗಿದಿರುತ್ತದೆ. ಮುಂದಿನ ಅವಕಾಶ ಮತ್ತೊಂದು ವರ್ಷಕ್ಕೆ.

ತೊಗರಿಯಂಥ ಬೆಳೆಯಲ್ಲಿ ಕಷ್ಟ ಇರುವುದೇ ಇಲ್ಲಿ. ಪ್ರಯೋಗಾಲಯದ ಕೆಲಸ ಒಂದು ತಿಂಗಳು ತಡವಾದರೆ ಒಂದು ತಿಂಗಳು ಹೋಗುತ್ತದೆ. ಮುಂಗಾರಿಗೆ ಒಂದು ತಿಂಗಳು ತಡವಾದರೆ ಒಂದು ವರ್ಷವೇ ಹೋಗುತ್ತದೆ. ಮೂರು ಮುಂಗಾರು ಎಂದು ಬರೆದ ಈ ಪ್ರಸ್ತಾವನೆಯಲ್ಲಿ ನಿಜವಾಗಿ ಸಿಗುವುದು ಎರಡೇ ಎಂದು ಗುರುತು ಹಾಕಿಕೊಂಡೆ. ಹಾಗಾದರೆ ಮೊದಲ ವರ್ಷ ಏನು ಮಾಡುವುದು? ಈ ಪ್ರಶ್ನೆಯನ್ನು ಅಂಚಿನಲ್ಲಿ ಬರೆದಿಟ್ಟು ಮುಂದೆ ಹೋದೆ.

ಮುಂದೆ ಗಿಡ ಎಣಿಸುವ ಕೆಲಸ. ಪ್ರತಿ ತಾಕು 10 ಮೀಟರ್ ಉದ್ದ, 10 ಮೀಟರ್ ಅಗಲ. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30. ಒಂದು ತಾಕಿನಲ್ಲಿ ಸುಮಾರು 370 ಗಿಡ ಬರುತ್ತವೆ. 24 ಹೊಲ, ಹೊಲಕ್ಕೆ 6 ತಾಕು, ಅಂದರೆ 144 ತಾಕು. ಗಿಡಗಳು 53 ಸಾವಿರ. ಇಷ್ಟನ್ನು ಹಂಗಾಮಿನಲ್ಲಿ ನಾಲ್ಕು ಸಲ ಎಣಿಸುತ್ತೇವೆ ಎಂದು ಬರೆದಿದ್ದರು. ಎಣಿಸುವವರು ಇಬ್ಬರು ಜೆ.ಆರ್.ಎಫ್. ಅದೇ ಇಬ್ಬರು ಪ್ರಯೋಗಾಲಯದಲ್ಲಿ ಮಣ್ಣಿನ ಮಾದರಿಗಳನ್ನೂ ನೋಡಬೇಕು.

ಈಗ ಬಜೆಟ್ಟಿನ ಪ್ರವಾಸದ ಸಾಲಿಗೆ ಬನ್ನಿ. ಮೂರು ವರ್ಷಕ್ಕೆ ಒಂದೂವರೆ ಲಕ್ಷ, ವರ್ಷಕ್ಕೆ 50 ಸಾವಿರ. ಆಳಂದ, ಶಹಾಪುರ, ಔರಾದ ಎಂದು ಮೂರು ದಿಕ್ಕಿಗೆ ಹರಡಿದ ಹೊಲಗಳು. ದಿನಕ್ಕೆ ಮೂರು ಹೊಲ ಮುಗಿಸಿದರೂ ಒಂದು ಸುತ್ತಿಗೆ 8 ದಿನ ಬೇಕು. ಬಿತ್ತನೆ, ನಾಲ್ಕು ಎಣಿಕೆ, ರಾಶಿ ಸೇರಿ ಆರು ಸುತ್ತು. ಒಟ್ಟು 48 ದಿನ. ಬಾಡಿಗೆ ಗಾಡಿಗೆ ದಿನಕ್ಕೆ 3 ಸಾವಿರ ಹಿಡಿದರೂ ವರ್ಷಕ್ಕೆ 1 ಲಕ್ಷ 44 ಸಾವಿರ ಆಗುತ್ತದೆ. ಬಜೆಟ್ಟಿನಲ್ಲಿ ಇರುವುದು 16 ದಿನದ ದುಡ್ಡು. ಹಾಗಾದರೆ ಉಳಿದ 32 ದಿನ ಯಾರೂ ಹೊಲಕ್ಕೆ ಹೋಗುವುದಿಲ್ಲ, ಇಲ್ಲಾ ರೈತರಿಗೆ ಫೋನ್ ಮಾಡಿ ಅಂಕಿ ಬರೆದುಕೊಳ್ಳುತ್ತಾರೆ. ಅಂಥ ಅಂಕಿಯನ್ನು ನಾನು ನಂಬಲಾರೆ.

ಬಜೆಟ್ ನೋಡುವುದೆಂದರೆ ಕಡಿತ ಮಾಡುವುದು ಎಂದು ಎಷ್ಟೋ ಪರಿಶೀಲಕರು ಭಾವಿಸುತ್ತಾರೆ. ನನಗೆ ಕಡಿಮೆ ಕೇಳಿದ ಸಾಲುಗಳೇ ಜಾಸ್ತಿ ಚಿಂತೆ ತರುತ್ತವೆ. ಜಾಸ್ತಿ ಕೇಳಿದರೆ ಸಮಿತಿ ತಗ್ಗಿಸುತ್ತದೆ. ಕಡಿಮೆ ಕೇಳಿದ್ದನ್ನು ಯಾರೂ ತಾವಾಗಿ ಏರಿಸುವುದಿಲ್ಲ. ಎರಡನೇ ವರ್ಷದ ಹೊತ್ತಿಗೆ ದುಡ್ಡು ಮುಗಿದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಸಂಬಳದ ಸಾಲಿನಲ್ಲೂ ಅದೇ ಆಗಿತ್ತು. ಜೆ.ಆರ್.ಎಫ್.ಗೆ ತಿಂಗಳಿಗೆ 31 ಸಾವಿರ, ಮೂರನೇ ವರ್ಷ 35 ಸಾವಿರ ಎಂದು ಹಾಕಿದ್ದರು. ಅದು ಹಳೆ ದರ. 2023ರ ಜನವರಿಯಿಂದ ಅದು 37 ಸಾವಿರ, 42 ಸಾವಿರ ಆಗಿದೆ. ಒಬ್ಬರಿಗೆ ಮೂರು ವರ್ಷಕ್ಕೆ 11 ಲಕ್ಷ 64 ಸಾವಿರ ಎಂದಿದ್ದುದು 13 ಲಕ್ಷ 92 ಸಾವಿರ ಆಗಬೇಕು. ಮನೆ ಬಾಡಿಗೆ ಭತ್ಯೆ ಸೇರಿದರೆ 15 ಲಕ್ಷ ದಾಟುತ್ತದೆ. ಇನ್ನೊಂದು ವಿಷಯ. ಕೆಲಸದ ಪಟ್ಟಿಯಲ್ಲಿ ಇಬ್ಬರು ಜೆ.ಆರ್.ಎಫ್. ಇದ್ದರು, ಬಜೆಟ್ಟಿನಲ್ಲಿ ಒಬ್ಬರೇ! ಎರಡು ಪುಟ ಪಕ್ಕಪಕ್ಕ ಇಡದಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಜಾಸ್ತಿ ಕೇಳಿದ್ದು ಯಂತ್ರಕ್ಕೆ. ಮಣ್ಣಿನಲ್ಲಿ ರೋಗಕಾರಕ ಶಿಲೀಂಧ್ರದ ಡಿ.ಎನ್.ಎ. ಎಷ್ಟಿದೆ ಎಂದು ಅಳೆಯಲು ರಿಯಲ್ ಟೈಮ್ ಪಿ.ಸಿ.ಆರ್. ಯಂತ್ರ. ಕೊಟೇಶನ್ 18 ಲಕ್ಷ, ಮೇಲೆ ಶೇ. 5 ಜಿ.ಎಸ್.ಟಿ., ಒಟ್ಟು 18 ಲಕ್ಷ 90 ಸಾವಿರ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಆ ಶೇ. 5ರ ರಿಯಾಯಿತಿ 2022ರ ಜುಲೈನಲ್ಲೇ ಹೋಯಿತು. ಆಗ ಇದ್ದ ಶೇ. 18ರ ಪ್ರಕಾರ 21 ಲಕ್ಷ 24 ಸಾವಿರ ಬೇಕಿತ್ತು. ಯು.ಪಿ.ಎಸ್., ಫ್ರೀಜರ್, ವಾರಂಟಿ ಮುಗಿದ ಮೇಲಿನ ನಿರ್ವಹಣೆ ಇವಕ್ಕೆ ಒಂದು ಪೈಸೆಯೂ ಇಟ್ಟಿರಲಿಲ್ಲ.

ಆದರೂ ಬೆಲೆಗಿಂತ ಮೊದಲು ಕೇಳಬೇಕಾದ್ದು ಬೇರೆ. ಈ ಯಂತ್ರದಲ್ಲಿ ಎಷ್ಟು ಮಾದರಿ ಓಡಿಸುತ್ತೀರಿ? ಅವರದೇ ಲೆಕ್ಕ ನೋಡಿದರೆ 24 ಹೊಲ, ವರ್ಷಕ್ಕೆ ಮೂರು ಸಲ, ಎರಡು ವರ್ಷ: 144 ಮಾದರಿ. ಇಷ್ಟಕ್ಕಾಗಿ 21 ಲಕ್ಷದ ಯಂತ್ರ ಕೊಳ್ಳಬೇಕಾಗಿಲ್ಲ. ದೇಶದ ಪ್ರಯೋಗಾಲಯಗಳ ಯಂತ್ರಗಳನ್ನು ಶುಲ್ಕ ಕೊಟ್ಟು ಬಳಸಲು ಐ-ಸ್ಟೆಮ್ ಪೋರ್ಟಲ್ ಇದೆ. ಹತ್ತಿರದ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಅಲ್ಲದೆ ಟೆಂಡರ್ ಕರೆದು, ಯಂತ್ರ ಬಂದು, ಕೂರಿಸಿ, ತರಬೇತಿ ಮುಗಿಯುವಷ್ಟರಲ್ಲಿ ಮೊದಲ ಹಂಗಾಮು ಮುಗಿದಿರುತ್ತದೆ. ಇಲ್ಲೂ ಪಂಚಾಂಗವೇ ಅಡ್ಡ ಬಂತು.

ಹೊಸತನದ ವಿಷಯಕ್ಕೆ ಒಂದು ಪೂರ್ತಿ ಸಂಜೆ ಕೊಟ್ಟೆ. "ಕಲ್ಯಾಣ ಕರ್ನಾಟಕದಲ್ಲಿ ಇದೇ ಮೊದಲು" ಎಂದು ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಇಂಥ ಮಾತು ಕಂಡಾಗ ನಾನು ಸಂಶೋಧನಾ ಪತ್ರಿಕೆಗಳಿಗಿಂತ ಮೊದಲು ಕೃಷಿಕೋಶಕ್ಕೆ ಹೋಗುತ್ತೇನೆ. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ., ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಸಿಗುತ್ತವೆ. ನಂತರ ಬೇರೆ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿರುವ ಶೋಧಗಂಗಾ. ನಮ್ಮ ಭಾಗದ ಎಷ್ಟೋ ಒಳ್ಳೆಯ ಕೆಲಸ ಪ್ರಬಂಧವಾಗಿ ಉಳಿದಿರುತ್ತದೆ, ಪತ್ರಿಕೆಯಲ್ಲಿ ಬಂದೇ ಇರುವುದಿಲ್ಲ. ತೊಗರಿ ನೆಟೆ, ಟ್ರೈಕೊಡರ್ಮಾ ಎಂದು ಹುಡುಕಿದರೆ ಸಾಲು ಸಾಲಾಗಿ ಬರುತ್ತವೆ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ ಹಚ್ಚಿ ಬಿತ್ತಿ ಎಂದು ಕೃಷಿ ಇಲಾಖೆಯವರು ಯಾವಾಗಲೋ ಹೇಳುತ್ತಾ ಬಂದಿದ್ದಾರೆ. ಅದನ್ನೇ ಇನ್ನೊಂದು ಜಿಲ್ಲೆಯಲ್ಲಿ ಮಾಡಿದರೆ ಅದು ಪ್ರಾತ್ಯಕ್ಷಿಕೆ ಆಗುತ್ತದೆ. ಪ್ರಾತ್ಯಕ್ಷಿಕೆಯೂ ಬೇಕು, ಆದರೆ ಅದಕ್ಕೆ ಬೇರೆ ಅನುದಾನ ಇದೆ.

ಹಾಗೆಂದು ಅಲ್ಲಿಗೇ ಬಿಟ್ಟಿದ್ದರೆ ಅರ್ಜಿ ತಿರಸ್ಕಾರವಾಗುತ್ತಿತ್ತು. ನಾನು ಅನುಬಂಧಗಳನ್ನೂ ಓದುತ್ತೇನೆ. ಕೊನೆಯ ಅನುಬಂಧದಲ್ಲಿ ಅರ್ಧ ಪುಟದ ಒಂದು ಪಟ್ಟಿ ಇತ್ತು. ಬೀದರ ಸುತ್ತಲಿನ ಎರೆಮಣ್ಣಿನಿಂದ ತೆಗೆದ ಕೆಲವು ಟ್ರೈಕೊಡರ್ಮಾ ತಳಿಗಳು ಪೆಟ್ರಿ ತಟ್ಟೆಯಲ್ಲಿ ಪಿ.ಎಚ್. 8.4ರಲ್ಲೂ ಬೆಳೆದಿವೆ ಎಂದು ಅದರಲ್ಲಿತ್ತು. ಇದನ್ನು ಓದಿ ಎದ್ದು ಕುಳಿತೆ. ಟ್ರೈಕೊಡರ್ಮಾಕ್ಕೆ ಸಾಮಾನ್ಯವಾಗಿ ಸ್ವಲ್ಪ ಹುಳಿ ಇರುವ ಮಣ್ಣೇ ಇಷ್ಟ. ನಮ್ಮ ಎರೆಮಣ್ಣು ಕ್ಷಾರ, ಪಿ.ಎಚ್. 8ರ ಮೇಲೆಯೇ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಎಲ್ಲಿಂದಲೋ ತಂದ ಪುಡಿಯನ್ನು ಇಲ್ಲಿ ಮಣ್ಣಿಗೆ ಹಾಕಿದರೆ ಎಷ್ಟು ದಿನ ಬದುಕುತ್ತದೆ ಎಂಬುದು ನಿಜವಾದ ಪ್ರಶ್ನೆ. ಇದೇ ಮಣ್ಣಲ್ಲಿ ಹುಟ್ಟಿದ ತಳಿ ಬಿತ್ತನೆಯಿಂದ ಹೂ ಬರುವವರೆಗೂ ಬೇರಿನ ಸುತ್ತ ಉಳಿದರೆ ಅದು ತಿಳಿಯಬೇಕಾದ ಸಂಗತಿ. ಇಡೀ ಪ್ರಸ್ತಾವನೆ ನಿಲ್ಲಬೇಕಾಗಿದ್ದುದು ಈ ಅರ್ಧ ಪುಟದ ಮೇಲೆ. ಅವರು ಅದನ್ನು ಕೊನೆಗೆ ತಳ್ಳಿದ್ದರು.

ಇನ್ನೊಂದು ಅನುಮಾನ ಉಳಿದಿತ್ತು. 24 ಹೊಲಗಳಲ್ಲಿ ಯಾವ ತಳಿಯ ತೊಗರಿ ಬಿತ್ತುತ್ತಾರೆ? ಇಡೀ ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ. ನಮ್ಮ ಕಡೆ ಟಿ.ಎಸ್.-3ಆರ್ ಬಿತ್ತುವವರು ಬಹಳ. ಅದು ನೆಟೆ ತಡೆಯುವ ತಳಿ. ಅದರಲ್ಲಿ ಟ್ರೈಕೊಡರ್ಮಾ ಹಾಕಿದ ತಾಕಿಗೂ ಹಾಕದ ತಾಕಿಗೂ ವ್ಯತ್ಯಾಸ ಕಾಣದಿದ್ದರೆ ಔಷಧ ಕೆಲಸ ಮಾಡಲಿಲ್ಲ ಎನ್ನಲಾಗುವುದಿಲ್ಲ. ಎರಡೂ ಕಡೆ ರೋಗವೇ ಬರದೆ ಇರಬಹುದು.

ಗಿಡ ಒಣಗಿದ್ದನ್ನೆಲ್ಲ ನೆಟೆ ಎಂದು ಎಣಿಸುವುದೂ ಅಷ್ಟೇ ಅಪಾಯ. ನೆಟೆ ಹತ್ತಿದ ಗಿಡದ ಕಾಂಡ ಸೀಳಿದರೆ ಒಳಗೆ ಕಂದು-ಕಪ್ಪು ಗೆರೆಗಳು ಬೇರಿನ ಕಡೆಯಿಂದ ಮೇಲಕ್ಕೆ ಹೋಗಿರುತ್ತವೆ. ನೀರು ನಿಂತು ಬರುವ ಫೈಟಾಫ್ತೊರಾ ಅಂಗಮಾರಿಯಲ್ಲಿ ನೆಲದ ಹತ್ತಿರ ಕಾಂಡದ ಮೇಲೆ ಕಂದು ಕಲೆ ಬಿದ್ದು ತಗ್ಗಾಗಿ, ಗಿಡ ಅಲ್ಲೇ ಮುರಿಯುತ್ತದೆ. ಒಣ ಬೇರು ಕೊಳೆಯಲ್ಲಿ ಬೇರಿನ ಸಿಪ್ಪೆ ಸುಲಿದು ಬರುತ್ತದೆ, ಒಳಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುತ್ತವೆ. ಮೂರಕ್ಕೂ ಕಾರಣ ಬೇರೆ ಬೇರೆ ಜೀವಿ. ಅರ್ಜಿಯಲ್ಲಿ ಇದ್ದುದು "ಒಣಗಿದ ಗಿಡಗಳ ಶೇಕಡಾ" ಎಂಬ ಒಂದೇ ಸಾಲು.

ಹೊಲ ಕೊಡುವ ರೈತರ ಬಗ್ಗೆ ಆಳಂದ ಕಡೆಯ ನನ್ನ ಹಳೆ ಪರಿಚಯದ ಗೌಡರನ್ನು ಕೇಳಿದೆ. ಅರ್ಜಿಯ ಮಾತು ಎತ್ತದೆ, ಹೀಗೊಂದು ಪ್ರಯೋಗ ಮಾಡಿದರೆ ಹೊಲ ಕೊಡ್ತೀರಾ ಅಂತಷ್ಟೇ ಕೇಳಿದ್ದು.

"ಔಷಧ ಹಾಕಿದ ಪಟ್ಟಿ ಬೇಕಾದಷ್ಟು ಬಿಡ್ತೀನ್ರಿ ಸರ್. ಹಾಕಲಾರದ ಪಟ್ಟಿ ಅಂತೀರಲ್ಲ, ಅದು ಒಣಗಿ ಹೋದ್ರ ನನಗ ಯಾರು ಕೊಡ್ತಾರ?" ಎಂದರು. ಸ್ವಲ್ಪ ತಡೆದು, "ಮತ್ತ ಈ ವರ್ಷ ನೆಟಿ ಬಂದ ಹೊಲಕ್ಕ ಬರೋ ವರ್ಷ ನಾನು ತೊಗರಿ ಹಾಕಂಗಿಲ್ರಿ, ಜ್ವಾಳ ಹಾಕ್ತೀನಿ" ಎಂದೂ ಸೇರಿಸಿದರು.

ಎರಡೂ ಮಾತು ಸರಿ. ಉಪಚಾರ ಇಲ್ಲದ ಕಂಟ್ರೋಲ್ ತಾಕು ಇಲ್ಲದೆ ಪ್ರಯೋಗ ಇಲ್ಲ. ಅದರ ನಷ್ಟವನ್ನು ರೈತರ ಮೇಲೆ ಹಾಕುವುದು ನ್ಯಾಯವೂ ಅಲ್ಲ. ಬಜೆಟ್ಟಿನಲ್ಲಿ ಬೆಳೆ ಪರಿಹಾರ ಎಂಬ ಸಾಲು ಇರಬೇಕು, ಬಿತ್ತನೆಗೆ ಮೊದಲೇ ಬರಹದ ಒಪ್ಪಿಗೆ ಇರಬೇಕು. ರೋಗ ಬಂದ ಹೊಲದಲ್ಲಿ ಮುಂದಿನ ವರ್ಷವೂ ತೊಗರಿ ಹಾಕುವ ಒಪ್ಪಿಗೆಯೂ ಅದರಲ್ಲಿ ಸೇರಬೇಕು.

ಸಮಿತಿಯ ಮುಂದೆ ಅರ್ಜಿದಾರರು ಬಂದಾಗ ನಾನು ತಳಿಯ ಪ್ರಶ್ನೆಯಿಂದಲೇ ಶುರು ಮಾಡಿದೆ.

"ನೆಟೆ ತಡೆಯುವ ತಳಿ ಇದ್ದ ಹೊಲದಲ್ಲಿ ನಿಮ್ಮ ಟ್ರೈಕೊಡರ್ಮಾ ಗೆದ್ದಿದೆ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

ಅವರು ತಕ್ಷಣ ಉತ್ತರ ಕೊಡಲಿಲ್ಲ. ಕಾಗದದ ಮೇಲೆ ಏನೋ ಗೀಚಿಕೊಂಡು, "ಪ್ರತಿ ಹೊಲದಲ್ಲೂ ರೋಗಕ್ಕೆ ಬೇಗ ತುತ್ತಾಗುವ ತಳಿಯ ಎರಡು ಸಾಲು ಹಾಕ್ತೀನಿ ಸರ್. ಆ ಸಾಲು ಒಣಗದೆ ಇದ್ರೆ ಆ ಹೊಲದ ಅಂಕಿಯನ್ನೇ ಲೆಕ್ಕಕ್ಕೆ ತಗೊಳ್ಳೋದಿಲ್ಲ" ಎಂದರು. ಐ.ಸಿ.ಪಿ. 2376 ಎಂಬ ತಳಿಯನ್ನು ಹೀಗೆ ಬಳಸುವುದು ಗೊತ್ತಿತ್ತು ಅವರಿಗೆ. ಬರೆದಿರಲಿಲ್ಲ, ಅಷ್ಟೆ. ಪಿ.ಎಚ್. ತಟ್ಟೆಗಳ ಬಗ್ಗೆ ಕೇಳಿದಾಗ ಮುಖ ಅರಳಿತು. ಫೋನಿನಲ್ಲಿ ಫೋಟೋ ತೋರಿಸಿದರು. ಯಾವ ಟ್ರೈಕೊಡರ್ಮಾ ತಳಿ ಯಾವ ಹೊಲದ ಬದುವಿನಿಂದ ಬಂತು ಎಂದು ಪುಸ್ತಕ ನೋಡದೆ ಹೇಳಿದರು. ಈ ಕೆಲಸ ಇವರೇ ಮಾಡಿದ್ದಾರೆ ಎಂದು ನನಗೆ ಆಗ ಪೂರ್ತಿ ನಂಬಿಕೆ ಬಂತು.

ನಾನು ಬರೆದ ಶಿಫಾರಸು ಇಷ್ಟು. 24 ಹೊಲದ ಬದಲು 8 ಹೊಲ, 6 ಉಪಚಾರದ ಬದಲು 4. ಆಳಂದ ಮತ್ತು ಹುಮನಾಬಾದ ಸುತ್ತ ಎರಡೇ ಗುಂಪು. ತಾಕು 32 ಆಗುತ್ತವೆ, ಗಿಡ 12 ಸಾವಿರದೊಳಗೆ. ಇಬ್ಬರ ಬದಲು ಒಬ್ಬ ಜೆ.ಆರ್.ಎಫ್. ಮತ್ತು ಎಣಿಕೆಯ ದಿನಗಳಿಗೆ ಕೂಲಿಯಾಳು ಇದ್ದರೆ ಕೆಲಸ ಆಗುತ್ತದೆ. ಪ್ರತಿ ಹೊಲವನ್ನು ಒಂದು ರೆಪ್ಲಿಕೇಷನ್, ಅಂದರೆ ಅದೇ ಪ್ರಯೋಗದ ಒಂದು ಪುನರಾವರ್ತನೆ ಎಂದು ಹಿಡಿದರೆ, ಆಕಸ್ಮಿಕ ವ್ಯತ್ಯಾಸವನ್ನು ಅಳೆಯಲು ಬೇಕಾದ ದೋಷದ ಸ್ವಾತಂತ್ರ್ಯಾಂಕ, ಹೊಲ ಮತ್ತು ಉಪಚಾರ ಎರಡರಿಂದಲೂ ಒಂದೊಂದು ಕಳೆದು, 7 ಗುಣಿಸು 3, ಅಂದರೆ 21. ಹೊಲದ ಪ್ರಯೋಗಕ್ಕೆ ಅದು ಸಾಕು. ಹೊಲ ಕಡಿಮೆಯಾದರೆ ಪ್ರಾಜೆಕ್ಟ್ ಸಣ್ಣದಾಯಿತು ಎಂದು ಸಮಿತಿಯಲ್ಲಿ ಒಬ್ಬರು ಅಂದರು. ಎಣಿಸಲಾಗದ 53 ಸಾವಿರ ಗಿಡಗಳಿಗಿಂತ, ಕಾಂಡ ಸೀಳಿ ನೋಡಿದ 12 ಸಾವಿರ ಗಿಡಗಳನ್ನು ನಾನು ಆರಿಸುತ್ತೇನೆ ಎಂದೆ.

ಯಂತ್ರ ಬೇಡ, ಹೊರಗಿನ ಪ್ರಯೋಗಾಲಯದ ಶುಲ್ಕಕ್ಕೆ ಎರಡೂವರೆ ಲಕ್ಷ. ಸಂಬಳ ಹೊಸ ದರದಲ್ಲಿ. ಪ್ರವಾಸ 2 ಲಕ್ಷಕ್ಕೆ ಏರಿಕೆ. ರೈತರ ಪರಿಹಾರಕ್ಕೆ ಹೊಸ ಸಾಲು. ಒಟ್ಟು ಸುಮಾರು 33 ಲಕ್ಷಕ್ಕೆ ಬಂತು. ಮೂರನೇ ವರ್ಷ "ರೈತರಿಗೆ ಮಾರಾಟಕ್ಕೆ ಸಿದ್ಧ ಉತ್ಪನ್ನ" ಎಂಬ ಭರವಸೆಯನ್ನು ತೆಗೆಯಲು ಹೇಳಿದೆ. ಟ್ರೈಕೊಡರ್ಮಾ ಪುಡಿ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯಡಿ ಕೇಂದ್ರದಲ್ಲಿ ನೋಂದಣಿ ಬೇಕು. ಅದಕ್ಕೆ ಪರಿಣಾಮದ ಅಂಕಿಯ ಜೊತೆ ವಿಷಪರೀಕ್ಷೆಯ ವರದಿಗಳೂ ಬೇಕು. ಆ ಪರೀಕ್ಷೆಗಳಿಗೆ ಬಜೆಟ್ಟಿನಲ್ಲಿ ದುಡ್ಡೇ ಇಲ್ಲ.

ಅಂಚಿನಲ್ಲಿ ಬರೆದಿಟ್ಟ ಮೊದಲ ವರ್ಷದ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೊದಲ ವರ್ಷ ಬಿತ್ತನೆಯೇ ಬೇಡ. ರೋಗ ಕಾಣುವುದು ಅಕ್ಟೋಬರ್‌ನಿಂದ ಡಿಸೆಂಬರ್. ಆಗ ಹೊಲ ಸುತ್ತಿ, ಕಾಂಡ ಸೀಳಿ, ನಿಜವಾಗಿ ನೆಟೆ ಇರುವ ಹೊಲಗಳನ್ನು ಗುರುತಿಸಿ, ರೈತರ ಒಪ್ಪಿಗೆ ಪಡೆಯಬೇಕು. ಅದೇ ಹೊತ್ತಿಗೆ ಮಣ್ಣಿನಿಂದ ಟ್ರೈಕೊಡರ್ಮಾ ತಳಿಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಎರಡನೇ, ಮೂರನೇ ವರ್ಷ ಹೊಲದ ಪ್ರಯೋಗ.

ಪರಿಷ್ಕರಿಸಿದ ಪ್ರಸ್ತಾವನೆ ಮಂಜೂರಾಯಿತು. ಮೊದಲ ಕಂತು 2025ರ ಜುಲೈನಲ್ಲಿ ಬಂತಂತೆ, ಜೆ.ಆರ್.ಎಫ್. ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಸಮೀಕ್ಷೆಗೆ ತೊಂದರೆ ಆಗಲಿಲ್ಲ.

ಒಂದು ಕೊರತೆಗೆ ಮಾತ್ರ ನನ್ನ ಬಳಿಯೂ ಪೂರ್ತಿ ಉತ್ತರ ಇಲ್ಲ. ಉಳಿದಿರುವ ಎರಡು ಮುಂಗಾರಿನಲ್ಲಿ ಒಂದು ವರ್ಷ ಹೊಲಗಳಲ್ಲಿ ನೆಟೆಯೇ ಕಡಿಮೆ ಬಂದರೆ ಕೈಯಲ್ಲಿ ಉಳಿಯುವುದು ಒಂದೇ ವರ್ಷದ ಅಂಕಿ. ಅದಕ್ಕಾಗಿ ರೋಗಾಣುವನ್ನು ಮಣ್ಣಿನಲ್ಲಿ ಬೇಕೆಂದೇ ಬೆಳೆಸಿಟ್ಟ ಸಂಶೋಧನಾ ಕೇಂದ್ರದ ಸಿಕ್ ಪ್ಲಾಟ್‌ನಲ್ಲಿ ಅದೇ ನಾಲ್ಕು ಉಪಚಾರಗಳನ್ನು ಸಮಾನಾಂತರವಾಗಿ ನಡೆಸಬೇಕು ಎಂದು ಷರತ್ತು ಹಾಕಿದ್ದೇನೆ. ಅಲ್ಲಿ ರೋಗ ಖಂಡಿತ ಬರುತ್ತದೆ. ಆದರೆ ಅಲ್ಲಿ ಸಿಗುವುದು ಒಂದೇ ಜಾಗದ ಮಣ್ಣಿನ ಉತ್ತರ. ಆಳಂದದ ಹೊಲದ ಉತ್ತರಕ್ಕೆ ಆಳಂದದ ಹೊಲದಲ್ಲೇ ರೋಗ ಬರಬೇಕು. ಹಾಗಾಗಿ ಎರಡನೇ ವರ್ಷದ ಪರಿಶೀಲನೆಯಲ್ಲಿ ಎಂಟರಲ್ಲಿ ಎಷ್ಟು ಹೊಲಗಳ ಐ.ಸಿ.ಪಿ. 2376 ಸಾಲು ಒಣಗಿವೆ ಎಂಬ ಅಂಕಿಯನ್ನು ಮೊದಲು ಕೇಳಿ, ಐದಕ್ಕಿಂತ ಕಡಿಮೆ ಇದ್ದರೆ ಅವಧಿಯನ್ನು ಒಂದು ಮುಂಗಾರು ವಿಸ್ತರಿಸಿ ಎಂದು ನನ್ನ ಟಿಪ್ಪಣಿಯಲ್ಲಿ ಬರೆದು ಕಳಿಸಿದ್ದೇನೆ.